ಓದಲಾಗದ ಅಕ್ಷರವನ್ನು ಓದಲಾಗಲಿಲ್ಲ ಅಂತಲೇ ಬರೆಯಿರಿ

ಹೋದ ತಿಂಗಳು ನಮ್ಮ ದೊಡ್ಡಮ್ಮನ ಕಣ್ಣಿನ ಪೊರೆ ಆಪರೇಷನ್‌ಗೆ ದಿನ ಗೊತ್ತಾಯಿತು. "ಈಗ ತಗೊಳ್ತಿರೋ ಎಲ್ಲ ಮಾತ್ರೆಗಳ ಲಿಸ್ಟ್ ತನ್ನಿ" ಅಂತ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದರು. ರಾಜಾಜಿನಗರದ ಮನೆಗೆ ಹೋದೆ. ದೊಡ್ಡಮ್ಮ ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಮಡಿಲಿಗೆ ಹಾಕಿದರು. "ಎಲ್ಲ ಇದರಲ್ಲೇ ಇದೆ ಕಣೇ, ನೀನೇ ನೋಡಿ ಬರೆದುಬಿಡು" ಅಂದರು.

ಒಳಗೆ ಮೂರು ಡಾಕ್ಟರ ಚೀಟಿಗಳಿದ್ದವು. ಒಂದು ಬಿಪಿಗೆ, ಒಂದು ಥೈರಾಯ್ಡ್‌ಗೆ, ಇನ್ನೊಂದು ಕೀಲು ನೋವಿಗೆ. ದೊಡ್ಡಮ್ಮನಿಗೆ ಸಂಧಿವಾತ ಶುರುವಾಗಿ ಕೆಲವು ವರ್ಷಗಳಾದವು. ಕೀಲಿನ ಡಾಕ್ಟರನ್ನು ಈಚೆಗೆ ಬದಲಾಯಿಸಿದ್ದರು, ಆ ಹೊಸ ಚೀಟಿಯ ಮಾತ್ರೆಗಳನ್ನು ಇನ್ನೂ ತಂದಿರಲಿಲ್ಲ. ಚೀಟಿಗಳನ್ನು ಮಡಚಿ ಮಡಚಿ, ಮಡಿಕೆ ಬಿದ್ದ ಕಡೆಯೆಲ್ಲ ಇಂಕು ಮಾಸಿತ್ತು.

ಅರ್ಧ ಗಂಟೆಯ ಕೆಲಸ ಅಂದುಕೊಂಡು ಕೂತೆ. ಮೊದಲ ಲಿಸ್ಟ್ ಅರ್ಧ ಗಂಟೆಯಲ್ಲೇ ಮುಗಿಯಿತು. ಚೆನ್ನಾಗಿ, ನೀಟಾಗಿ ಬರೆದಿದ್ದೆ. ಆ ಲಿಸ್ಟ್ ತಪ್ಪಾಗಿತ್ತು. ಎಲ್ಲಿ, ಹೇಗೆ ಅಂತ ವಿವರವಾಗಿ ಹೇಳುತ್ತೇನೆ. ಮನೆಯಲ್ಲಿ ವಯಸ್ಸಾದವರಿರುವ ಎಲ್ಲರೂ ಒಂದಲ್ಲ ಒಂದು ದಿನ ಈ ಕೆಲಸಕ್ಕೆ ಕೂರುತ್ತೀರಿ.

ಕೀಲಿನ ಡಾಕ್ಟರ ಚೀಟಿಯಲ್ಲಿ ಒಂದರ ಕೆಳಗೆ ಒಂದು ಎರಡು ಸಾಲು ಇದ್ದವು. ಎರಡೂ 'ಫೋಲ್' ಅಂತ ಶುರುವಾಗುತ್ತಿದ್ದವು. ಅಲ್ಲಿಂದ ಮುಂದೆ ಎರಡರಲ್ಲೂ ಒಂದು ಅಲೆಯಂಥ ಗೆರೆ, ಅಷ್ಟೇ. ಮೊದಲ ಸಾಲಿನ ಮುಂದೆ 7.5, ಆಮೇಲೆ ಮಡಿಕೆಯಲ್ಲಿ ಅರ್ಧ ಮಾಸಿದ ಒಂದು ಪದ. ಎರಡನೆಯ ಸಾಲಿನ ಮುಂದೆ 5, ಜೊತೆಗೆ ಭಾನುವಾರ ಬಿಟ್ಟು ಅನ್ನುವಂಥ ಸೂಚನೆ. ನಾನು ಫೋನಿನಲ್ಲಿ 'ಫೋಲಿ' ಅಂತ ಟೈಪ್ ಮಾಡಿದೆ. ತಕ್ಷಣ ಫೋಲಿಟ್ರಾಕ್ಸ್ ಅಂತ ಬಂತು. ಸಂಧಿವಾತಕ್ಕೆ ಕೊಡುವ ಔಷಧಿ ಅಂತಲೂ ಅಲ್ಲೇ ಬರೆದಿತ್ತು. ಸರಿ, ಇದೇ ಅಂತ ಎರಡೂ ಸಾಲಿಗೆ ಅದೇ ಹೆಸರು ಬರೆದುಬಿಟ್ಟೆ. ಭಾನುವಾರ 7.5, ಮಿಕ್ಕ ದಿನ 5. ಓದಿದರೆ ಎಷ್ಟು ಸರಿಯಾಗಿ ಕಾಣುತ್ತೆ ನೋಡಿ! ಅನುಮಾನ ಬರೋಕೆ ಜಾಗವೇ ಇಲ್ಲ.

ಫೋಲಿಟ್ರಾಕ್ಸ್ ಒಳಗಿರುವುದು ಮೆಥೋಟ್ರೆಕ್ಸೇಟ್. ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ತಗೊಳ್ಳಬೇಕು. ಅದು ದೇಹದಲ್ಲಿ ಫೋಲಿಕ್ ಆಸಿಡ್‌ನ ಕೆಲಸಕ್ಕೆ ಅಡ್ಡ ಬರುತ್ತೆ, ಹಾಗಾಗಿ ಅಡ್ಡ ಪರಿಣಾಮ ಕಡಿಮೆಯಾಗಲಿ ಅಂತ ಬೇರೆ ದಿನಗಳಲ್ಲಿ ಫೋಲಿಕ್ ಆಸಿಡ್ ಮಾತ್ರೆ ಕೊಡುತ್ತಾರೆ. ಆ ಮಾತ್ರೆಯ ಒಂದು ಬ್ರಾಂಡ್ ಹೆಸರು ಫೋಲ್ವೈಟ್. ಒಂದು ಔಷಧಿ, ಇನ್ನೊಂದು ಅದರಿಂದ ಕಾಪಾಡುವ ಮಾತ್ರೆ. ಎರಡೂ ಒಂದೇ ಚೀಟಿಯಲ್ಲಿ, ಅಕ್ಕಪಕ್ಕದ ಸಾಲಿನಲ್ಲಿ, ಒಂದೇ ಥರ ಶುರುವಾಗುವ ಹೆಸರಲ್ಲಿ.

ನನ್ನ ಲಿಸ್ಟಿನ ಪ್ರಕಾರ ದೊಡ್ಡಮ್ಮ ಮಾತ್ರೆ ತಗೊಂಡಿದ್ದರೆ ಎಷ್ಟಾಗುತ್ತಿತ್ತು ಅಂತ ಆಮೇಲೆ ಲೆಕ್ಕ ಹಾಕಿದೆ. ಆರು ದಿನ ಐದೈದು ಮಿಲಿಗ್ರಾಂ ಅಂದರೆ 30. ಭಾನುವಾರದ 7.5 ಸೇರಿಸಿದರೆ 37.5. ಡಾಕ್ಟರ್ ಬರೆದಿದ್ದು ವಾರಕ್ಕೆ ಬರೀ 7.5. ಐದು ಪಟ್ಟು! ಜೊತೆಗೆ, ಕಾಪಾಡಬೇಕಿದ್ದ ಮಾತ್ರೆ ಪೂರ್ತಿ ಮಾಯ. ಮೆಥೋಟ್ರೆಕ್ಸೇಟ್ ದಿನಾ ತಗೊಂಡರೆ ಬಾಯಲ್ಲಿ ಹುಣ್ಣು ಏಳುತ್ತೆ, ಮೂಳೆಯ ಮಜ್ಜೆಯಲ್ಲಿ ರಕ್ತಕಣ ಹುಟ್ಟುವುದು ಕುಗ್ಗುತ್ತೆ, ಜ್ವರ, ಸೋಂಕು ಬರುತ್ತೆ. ಪ್ರಾಣಕ್ಕೇ ಅಪಾಯ. ವಾರಕ್ಕೊಮ್ಮೆಯ ಮಾತ್ರೆಯನ್ನು ದಿನಾ ನುಂಗಿ ತೀರಿಕೊಂಡವರು ಎಷ್ಟೋ ದೇಶಗಳಲ್ಲಿ ಇದ್ದಾರೆ.

ಇದನ್ನು ಹಿಡಿದಿದ್ದು ನಾನಲ್ಲ, ದೊಡ್ಡಮ್ಮನ ಮನೆ ಹತ್ತಿರದ ಮೆಡಿಕಲ್ ಶಾಪಿನ ಫಾರ್ಮಸಿಸ್ಟ್ ಮೇಡಂ. ಅವರ ಮುಂದೆ ಲಿಸ್ಟ್ ಇಟ್ಟು "ಸರಿ ಇದೆಯಾ ಮೇಡಂ, ಒಂದ್ಸಲ ನೋಡ್ತೀರಾ?" ಅಂದೆ. ಅವರು ಲಿಸ್ಟನ್ನು ಮಗುಚಿಟ್ಟರು. "ಇದು ಬೇಡಮ್ಮ, ಚೀಟಿ ಕೊಡಿ" ಅಂದರು. ಚೀಟಿಯನ್ನು ಕೌಂಟರ್ ಮೇಲೆ ಅಂಗೈಯಿಂದ ಸವರಿ ಚಪ್ಪಟೆ ಮಾಡಿ, ಟ್ಯೂಬ್‌ಲೈಟ್ ಕೆಳಗೆ ಹಿಡಿದು ಓದಿದರು.

"7.5 ಅಂತ ಇರೋದು ಫೋಲಿಟ್ರಾಕ್ಸೇ. ಫೋಲ್ವೈಟ್ 7.5ರಲ್ಲಿ ಬರಲ್ಲ. ಆದರೆ ಈ ಕೆಳಗಿನ 5 ಇದೆಯಲ್ಲ, ಇದನ್ನ ನಂಬರ್ ನೋಡಿ ಹೇಳೋಕಾಗಲ್ಲ. ಎರಡರಲ್ಲೂ 5 ಬರುತ್ತೆ. ಫೋಲ್ವೈಟೇ ಇರಬೇಕು ಅನ್ಸುತ್ತೆ. ಆದರೆ ಅನ್ಸಿದ್ದನ್ನ ನಾನು ಕೊಡಲ್ಲ."

ಆಮೇಲೆ ಚೀಟಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದರು. ಡಾಕ್ಟರ್ ಸಿಗಲು ಇಪ್ಪತ್ತು ನಿಮಿಷ ಕಾಯಬೇಕಾಯಿತು. ಕೆಳಗಿನದು ಫೋಲ್ವೈಟ್ ಅಂತ ಡಾಕ್ಟರೇ ಹೇಳಿದರು. ಮಡಿಕೆಯಲ್ಲಿ ಮಾಸಿದ್ದ ಪದ 'ವಾರಕ್ಕೊಮ್ಮೆ'.

ಅವತ್ತು ರಾತ್ರಿ ಕೂತು ಇನ್ನೊಂದು ಲಿಸ್ಟ್ ಮಾಡಿದೆ. ಈ ಸಲ ಮೇಡಂ ಹೇಳಿದ ಹಾಗೆ, ನೋಟ್‌ಬುಕ್ ಅಡ್ಡ ಇಟ್ಟು ನಾಲ್ಕು ಕಾಲಂ ಹಾಕಿದೆ. ಮೊದಲನೆಯದರಲ್ಲಿ ಚೀಟಿಯಲ್ಲಿ ಕಣ್ಣಿಗೆ ಕಂಡಿದ್ದು ಮಾತ್ರ. ಕಾಣದ ಅಕ್ಷರದ ಜಾಗದಲ್ಲಿ ಗೆರೆ. ಎರಡನೆಯದರಲ್ಲಿ ನನ್ನ ಊಹೆ. ಮೂರನೆಯದರಲ್ಲಿ ಅನುಮಾನ ಯಾವುದರ ಮೇಲೆ ಅಂತ: ಹೆಸರಾ, ಪವರ್ರಾ, ದಿನಕ್ಕೆ ಎಷ್ಟು ಸಲ ಅನ್ನೋದಾ? ನಾಲ್ಕನೆಯದು ಖಾಲಿ. ಅದು ಫಾರ್ಮಸಿಸ್ಟ್ ತುಂಬಬೇಕಾದ ಜಾಗ, ತಾರೀಕಿನ ಜೊತೆ.

ಮೊದಲ ಎರಡು ಕಾಲಂ ಬೇರೆ ಬೇರೆ ಇರಲೇಬೇಕು. ನನ್ನ ಹಳೇ ಲಿಸ್ಟಿನಲ್ಲಿ ಕಂಡಿದ್ದೂ ಊಹಿಸಿದ್ದೂ ಒಂದೇ ಪೆನ್ನಿನಲ್ಲಿ, ಒಂದೇ ಸಾಲಿನಲ್ಲಿ ಬೆರೆತುಹೋಗಿತ್ತು. ಹಾಗೆ ಬೆರೆತ ಮೇಲೆ ಯಾವುದು ಡಾಕ್ಟರ್ ಬರೆದಿದ್ದು, ಯಾವುದು ನಾನು ಸೇರಿಸಿದ್ದು ಅಂತ ನನಗೇ ಗೊತ್ತಾಗಲ್ಲ, ಇನ್ನು ಆಪರೇಷನ್ ಮಾಡುವವರಿಗೆ ಹೇಗೆ ಗೊತ್ತಾಗಬೇಕು?

ಬಿಪಿ ಚೀಟಿಯಲ್ಲಿ ಇದರ ಉಪಯೋಗ ಇನ್ನೂ ಚೆನ್ನಾಗಿ ಕಂಡಿತು. ಅದರಲ್ಲಿ ಟೆಲ್ಮಾ ಅಂತ ಸ್ಪಷ್ಟವಾಗಿತ್ತು, 40 ಅಂತಲೂ ಇತ್ತು. ನಡುವೆ ಒಂದು ಗೀಚು. ಎಎಂ ಅಂತ ಓದಬಹುದು, ಎಚ್ ಅಂತಲೂ ಓದಬಹುದು. ಒಂದು ಚಿಕ್ಕ ಗೀಚಿನಿಂದ ಮಾತ್ರೆಯೇ ಬೇರೆಯಾಗುತ್ತೆ. ಟೆಲ್ಮಾ ಅಂದರೆ ಟೆಲ್ಮಿಸಾರ್ಟನ್. ಎಎಂ ಇದ್ದರೆ ಅದರ ಜೊತೆ ಅಮ್ಲೋಡಿಪಿನ್ ಸೇರಿರುತ್ತೆ. ಎಚ್ ಇದ್ದರೆ ಮೂತ್ರ ಜಾಸ್ತಿ ಹೋಗಿಸುವ ಇನ್ನೊಂದು ಔಷಧಿ ಸೇರಿರುತ್ತೆ. ಅದೇ ಚೀಟಿಯ ಕೆಳಗೆ ಅಮ್ಲೋಡಿಪಿನ್ 5 ಬೇರೆಯಾಗಿ ಬರೆದಿತ್ತು.

ಮೊದಲ ಲಿಸ್ಟಿನಲ್ಲಿ ನಾನು ಎಎಂ ಅಂತ ಓದಿದ್ದೆ. ಅಮ್ಲೋಡಿಪಿನ್ ಎರಡು ಸಲ ಬಂತಲ್ಲ ಅಂತ ಕೆಳಗಿನ ಸಾಲನ್ನು ಬಿಟ್ಟುಬಿಟ್ಟಿದ್ದೆ! ಒಂದು ಊಹೆ, ಅದರ ಮೇಲೆ ಇನ್ನೊಂದು. ಅಲ್ಲಿದ್ದಿದ್ದು ಎಚ್ ಅಂತ ಮೇಡಂ ಹೇಳಿದರು. ಅವರ ಕಂಪ್ಯೂಟರಿನಲ್ಲಿ ದೊಡ್ಡಮ್ಮನ ಹಳೇ ಬಿಲ್ ಇತ್ತು, ಮನೆಯಲ್ಲಿ ಖಾಲಿಯಾಗುತ್ತಿದ್ದ ಸ್ಟ್ರಿಪ್ ಮೇಲೂ ಎಚ್ ಅಂತಲೇ ಇತ್ತು. ಅಂದರೆ ಬೇಕಾಗಿದ್ದ ಬಿಪಿ ಮಾತ್ರೆಯನ್ನು ನಾನು ಲಿಸ್ಟಿನಿಂದ ತೆಗೆದುಹಾಕಿದ್ದೆ.

ಆದರೆ ಬಿಲ್, ಸ್ಟ್ರಿಪ್ ನೋಡಿ ಪೂರ್ತಿ ನಂಬುವ ಹಾಗೂ ಇಲ್ಲ. ಅವು ಹೇಳೋದು ಅಂಗಡಿಯಲ್ಲಿ ಏನು ಕೊಟ್ಟರು ಅಂತ. ಡಾಕ್ಟರ್ ಏನು ಬರೆದರು ಅಂತ ಅಲ್ಲ. ಹೋದ ಸಲ ಕೊಟ್ಟವರೇ ತಪ್ಪು ಓದಿದ್ದರೆ ಬಿಲ್ಲೂ ತಪ್ಪು, ಸ್ಟ್ರಿಪ್ಪೂ ತಪ್ಪು. ಚೀಟಿ, ಸ್ಟ್ರಿಪ್, ಕಾಯಿಲೆ ಮೂರೂ ಒಂದಕ್ಕೊಂದು ಹೊಂದಿದರೆ ಮಾತ್ರ ಮೇಡಂ ನಾಲ್ಕನೆಯ ಕಾಲಂನಲ್ಲಿ ಬರೆಯುತ್ತಿದ್ದರು. ಇಲ್ಲದಿದ್ದರೆ ಡಾಕ್ಟರಿಗೆ ಫೋನ್.

ಥೈರಾಯ್ಡ್ ಚೀಟಿಯಲ್ಲಿ ತೊಂದರೆ ಇದ್ದಿದ್ದು ಒಂದು ಚುಕ್ಕೆಯಲ್ಲಿ. 62.5 ಮೈಕ್ರೋಗ್ರಾಂ, ಆದರೆ ಚುಕ್ಕೆ ಕಾಣುತ್ತಿರಲಿಲ್ಲ. 625ರ ಮಾತ್ರೆಯೇ ಇಲ್ಲವಾದ್ದರಿಂದ ಅದು ಬೇಗ ಬಗೆಹರಿಯಿತು. ಆದರೆ ಎಲ್ಲ ಚುಕ್ಕೆಯೂ ಹೀಗೆ ಸಿಕ್ಕಿಬೀಳಲ್ಲ. 2.5 ಮತ್ತು 25, ಎರಡೂ ಸಿಗುವ ಮಾತ್ರೆಗಳಿವೆ. ಅಲ್ಲಿ ಚುಕ್ಕೆ ಹೋದರೆ ಹತ್ತು ಪಟ್ಟು.

ಕೇಳುವ ರೀತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಸಂಜೆ ಏಳು ಗಂಟೆಗೆ ಮೆಡಿಕಲ್ ಶಾಪಿನ ಮುಂದೆ ಹತ್ತು ಜನ ನಿಂತಿರುತ್ತಾರೆ. ಆಗ ಹೋಗಿ "ಇದು ಟೆಲ್ಮಾ ಎಎಂ ಅಲ್ವಾ?" ಅಂದರೆ "ಹೂಂ" ಅಂತಲೇ ಉತ್ತರ ಬರುತ್ತೆ. ನೀವು ಹೆಸರು ಹೇಳಿದ ಮೇಲೆ ಅವರ ಕಣ್ಣಿಗೂ ಅದೇ ಕಾಣುತ್ತೆ. ಮೇಡಂ ನನ್ನ ಲಿಸ್ಟನ್ನು ಮಗುಚಿಟ್ಟಿದ್ದು ಇದಕ್ಕೇ. ಹಾಗಾಗಿ ಮಧ್ಯಾಹ್ನ ಬಿಡುವಿನ ಹೊತ್ತಲ್ಲಿ ಹೋಗಿ. ಚೀಟಿ ತೋರಿಸಿ "ಇಲ್ಲಿ ಏನು ಬರೆದಿದೆ?" ಅಂತಷ್ಟೇ ಕೇಳಿ. ಅವರು ಹೇಳಿದ ಮೇಲೆ ನಿಮ್ಮ ಊಹೆ ತೋರಿಸಿ. ಮನೆಯಲ್ಲೂ ಅಷ್ಟೇ. ನನ್ನ ತಂಗಿಗೆ ಚೀಟಿಯ ಫೋಟೋ ಕಳಿಸಿ, ನನ್ನದನ್ನು ಹೇಳದೆ ಓದು ಅಂದೆ. ನಾವಿಬ್ಬರೂ ಬೇರೆ ಬೇರೆ ಓದಿದ ಸಾಲುಗಳಿಗೆಲ್ಲ ಕೆಂಪು ಗುರುತು ಹಾಕಿದೆ.

ಕೌಂಟರಿನಲ್ಲಿ ನಿಂತ ಹುಡುಗನೇ ಫಾರ್ಮಸಿಸ್ಟ್ ಅಂದುಕೊಳ್ಳಬೇಡಿ. 1948ರ ಫಾರ್ಮಸಿ ಕಾಯ್ದೆ ಪ್ರಕಾರ ಚೀಟಿ ನೋಡಿ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. "ಫಾರ್ಮಸಿಸ್ಟ್ ಇದ್ದಾರಾ?" ಅಂತ ಕೇಳೋದರಲ್ಲಿ ಸಂಕೋಚ ಬೇಡ. ಡಾಕ್ಟರುಗಳಿಗೂ ನಿಯಮ ಇಲ್ಲದೇ ಇಲ್ಲ. ಔಷಧಿಯ ಜೆನೆರಿಕ್ ಹೆಸರನ್ನು ಓದುವ ಹಾಗೆ, ಸಾಧ್ಯವಾದಷ್ಟೂ ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅಂತ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ಹೇಳಿತ್ತು. ಆ ಎರಡು ಸಾಲಲ್ಲಿ ಮೆಥೋಟ್ರೆಕ್ಸೇಟ್, ಫೋಲಿಕ್ ಆಸಿಡ್ ಅಂತ ದೊಡ್ಡ ಅಕ್ಷರದಲ್ಲಿದ್ದಿದ್ದರೆ ನನ್ನಂಥವಳಿಗೂ ಗೊಂದಲ ಆಗುತ್ತಿರಲಿಲ್ಲ.

ಆಪರೇಷನ್ ದಿನ ನಾಲ್ಕು ಕಾಲಂನ ಆ ಹಾಳೆಯನ್ನೇ ತಗೊಂಡು ಹೋದೆವು. ಒಂದು ಸಾಲು ಇನ್ನೂ ಖಾಲಿ ಇತ್ತು. ಆ ಮೂರು ಚೀಟಿ ಬಿಟ್ಟು, ನೋವು ಬಂದಾಗ ಮಾತ್ರ ತಗೊಳ್ಳಿ ಅಂತ ಯಾರೋ ಬರೆದುಕೊಟ್ಟಿದ್ದ ಒಂದು ಮಾತ್ರೆ. ಬರೆದವರ ಕ್ಲಿನಿಕ್ ಮುಚ್ಚಿತ್ತು, ಸ್ಟ್ರಿಪ್ ಇರಲಿಲ್ಲ, ಹೆಸರು ಯಾರಿಗೂ ಓದಲು ಬರಲಿಲ್ಲ. ನಾಲ್ಕನೆಯ ಕಾಲಂನಲ್ಲಿ ಮೇಡಂ 'ಗೊತ್ತಾಗಲಿಲ್ಲ' ಅಂತ ಬರೆದು ಸಹಿ ಹಾಕಿದ್ದರು. ಕಣ್ಣಿನ ಡಾಕ್ಟರ್ ಮೊದಲು ಬೆರಳಿಟ್ಟಿದ್ದು ಆ ಸಾಲಿನ ಮೇಲೆ. "ಇದನ್ನ ಕೊನೇ ಸಲ ಯಾವಾಗ ತಗೊಂಡ್ರಿ ಅಮ್ಮ?" ಅಂತ ದೊಡ್ಡಮ್ಮನನ್ನು ಕೇಳಿದರು.

"ಯುಗಾದಿಗೆ ಮುಂಚೆ" ಅಂದರು ದೊಡ್ಡಮ್ಮ. ಡಾಕ್ಟರ್ ಅದನ್ನು ಪಕ್ಕದಲ್ಲಿ ಬರೆದುಕೊಂಡು ಮುಂದಿನ ಸಾಲಿಗೆ ಹೋದರು.