ಓಟಿಪಿ ಬಂತು, ಹಾಲಿನ ಪಟ್ಟಿ ಬರಲಿಲ್ಲ

ಇವತ್ತು ಮೀಟಿಂಗಿನಿಂದ ಬಂದಾಗಿನಿಂದ ತಲೆ ಬಿಸಿ. ಇಲ್ಲೇ ಹೇಳಿಕೊಳ್ಳುತ್ತೇನೆ, ಮನೆಯಲ್ಲಿ ಯಾರೂ ಕೇಳುವುದಿಲ್ಲ.

ನಮ್ಮ ಗಿರಾಕಿ ಹಾಲಿನ ಅಂಗಡಿಯವರು. ದಿನಾ 60 ಮನೆಗೆ ಹಾಲು ಹಾಕಿಸುತ್ತಾರೆ. ಲೆಕ್ಕವೆಲ್ಲ ನೋಟ್‌ಬುಕ್ಕಿನಲ್ಲಿ. ಅವರಿಗೊಂದು ಆಪ್ ಬೇಕು. ನಾವು ಗೋಡೆಗೆ ಚೀಟಿ ಅಂಟಿಸಿ ಸ್ಟೋರಿ ಮ್ಯಾಪ್ ಮಾಡಿದೆವು. ಮೇಲಿನ ಸಾಲಿನಲ್ಲಿ ಎಡದಿಂದ ಬಲಕ್ಕೆ ಅವರ ಕೆಲಸ: ಮನೆ ಸೇರಿಸುವುದು, ದಿನದ ಹಾಲೆಷ್ಟು, ‘ನಾಳೆ ಬೇಡ’, ಬೆಳಗಿನ ಪಟ್ಟಿ, ತಿಂಗಳ ಬಿಲ್ಲು, ವಸೂಲಿ. ಪ್ರತಿಯೊಂದರ ಕೆಳಗೂ ಚೀಟಿಗಳು. ಇಲ್ಲದಿದ್ದರೆ ನಡೆಯದ್ದು ಮೇಲೆ, ಇದ್ದರೆ ಚೆಂದ ಅನ್ನುವುದು ಕೆಳಗೆ. ಇಲ್ಲಿವರೆಗೆ ಚೆನ್ನಾಗಿತ್ತು.

ಆಮೇಲೆ ಒಬ್ಬರು ಮಾರ್ಕರ್ ಹಿಡಿದು, ಮೊದಲ ರಿಲೀಸಿನಲ್ಲಿ ಏನೇನಿರಬೇಕು ಅನ್ನುವ ಗೆರೆಯನ್ನು ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಎಳೆದರು! ‘ಮನೆ ಸೇರಿಸುವುದು’ ಕಾಲಮ್ ಪೂರ್ತಿ ಒಳಗೆ. ಓಟಿಪಿ, ಫೋಟೋ, ಮ್ಯಾಪಿನಲ್ಲಿ ವಿಳಾಸ, ಎಲ್ಲಾ. ಬಿಲ್ಲು ‘ಆಮೇಲೆ’. ಅಂಗಡಿಯವರು ಓಟಿಪಿ ನೋಡಿಕೊಂಡು ಹಾಲು ಹಾಕಬೇಕಾ?

ಗೆರೆ ಅಡ್ಡ ಇರಬೇಕು ಸ್ವಾಮಿ. ಪ್ರತಿ ಕಾಲಮ್ಮಿನಿಂದಲೂ ಒಂದೊಂದು ತೆಳ್ಳನೆಯ ಚೀಟಿ. ಮನೆಗಳ ಹೆಸರು, ದಿನಕ್ಕೆಷ್ಟು ಹಾಲು ಅನ್ನುವುದನ್ನು ಅಂಗಡಿಯವರೇ ಟೈಪ್ ಮಾಡಲಿ. ‘ನಾಳೆ ಬೇಡ’ ಅಂತ ಮನೆಯವರು ಫೋನ್ ಮಾಡಲಿ, ಅಂಗಡಿಯವರು ಒಂದು ಟಿಕ್ ಹಾಕಲಿ. ಪಟ್ಟಿ ಪ್ರಿಂಟ್ ಆಗಲಿ. ಬಿಲ್ಲು ಅಂದರೆ ಲೀಟರ್ ಗುಣಿಸು ದರ, ಅಷ್ಟೇ. ವಸೂಲಿ ನಗದಿನಲ್ಲಿ, ‘ಬಂತು’ ಎಂದು ಗುರುತು. ಇಷ್ಟೇ ಇಟ್ಟುಕೊಂಡು ನಾಳೆ ಬೆಳಗ್ಗೆ 5ಕ್ಕೆ ಹುಡುಗನನ್ನು ಹಾಲು ಹಾಕಲು ಕಳಿಸಬಹುದಾ? ತಿಂಗಳ ಕೊನೆಗೆ ನೋಟ್‌ಬುಕ್ ತೆಗೆಯದೆ ಬಿಲ್ಲು ಕೊಡಬಹುದಾ? ಆಗುತ್ತದೆ ಅಂದರೆ ಅದು ರಿಲೀಸ್.

“ಲಾಗಿನ್ ಇಲ್ಲದೆ ಸೆಕ್ಯುರಿಟಿ?” ಅಂದರು ಗೆರೆ ಎಳೆದವರು. ಬಳಸುವವರು ಒಬ್ಬರೇ. ಒಂದು ಪಾಸ್‌ವರ್ಡ್ ನಾವೇ ಮಾಡಿಕೊಟ್ಟರೆ ಮುಗಿಯಿತು. ಹಾಲು ಕೊಳ್ಳುವ ಮನೆಯವರು ಆಪಿಗೆ ಬರುವ ದಿನ ಓಟಿಪಿ ನೋಡೋಣ.

‘ನಾಳೆ ಬೇಡ’ ಕೆಲಸಕ್ಕೆ ಟಿಕೆಟ್ ಬರೆಯುವಾಗ ಮತ್ತದೇ ಉದ್ದ ಗೆರೆ. ‘ಟೇಬಲ್ ಮಾಡು’, ‘ಎಪಿಐ ಮಾಡು’, ‘ಸ್ಕ್ರೀನ್ ಮಾಡು’ ಅಂತ ಮೂರು ಟಿಕೆಟ್. ಎರಡು ‘ಡನ್’ ಆದರೂ ಅಂಗಡಿಯವರಿಗೆ ತೋರಿಸಲು ಏನೂ ಇಲ್ಲ. ಸಿಟ್ಟಿನಲ್ಲಿ ನಾನೇ ಒಂದು ಬರೆದೆ: ‘ಅಂಗಡಿಯವರು ಒಂದು ಮನೆಗೆ ನಾಳೆ ಹಾಲು ಬೇಡ ಎಂದು ಗುರುತಿಸಬಹುದು. ನಾಳಿನ ಪಟ್ಟಿಯಲ್ಲಿ ಆ ಮನೆ ಕಾಣಬಾರದು. ಬಿಲ್ಲಿನಲ್ಲಿ ಆ ದಿನ ಸೊನ್ನೆ. ರಾತ್ರಿ 9ರ ನಂತರ ಗುರುತಿಸಿದರೆ ನಾಡಿದ್ದಿಗೆ.’ ಟೇಬಲ್, ಎಪಿಐ, ಸ್ಕ್ರೀನ್ ಮೂರೂ ಇದರೊಳಗೇ ಬಂದವು. ಆ 9 ಗಂಟೆಯ ಮಾತು ಅಂಗಡಿಯವರನ್ನು ಕೇಳಿದ್ದಕ್ಕೇ ಗೊತ್ತಾಗಿದ್ದು. ಮೂರು ಟಿಕೆಟ್ ಮಾಡಿದ್ದರೆ ಯಾರು ಕೇಳುತ್ತಿದ್ದರು?

ನಿಜ ಹೇಳಲಾ? ಹಿಂದಿನ ಪ್ರಾಜೆಕ್ಟಿನಲ್ಲಿ ಉದ್ದ ಗೆರೆ ಎಳೆದವನು ನಾನೇ. ಲಾಗಿನ್ ಮಾಡಲು ಬರುತ್ತಿತ್ತು, ಬಿಲ್ಲಿನ ಲೆಕ್ಕ ಅರ್ಥವಾಗಿರಲಿಲ್ಲ. ಬರುವ ಕೆಲಸವನ್ನು ಮೊದಲು ಇಟ್ಟುಕೊಂಡೆ. ಇವತ್ತು ಮಾರ್ಕರ್ ಕಿತ್ತುಕೊಂಡಾಗ ಅದನ್ನು ಅಲ್ಲಿ ಯಾರಿಗೂ ಹೇಳಲಿಲ್ಲ.