ಹೆಬ್ಬೆರಳು ಬಿಟ್ಟು ಉಳಿದದ್ದೆಲ್ಲ ಟೈಪ್ ಮಾಡಿ

ಮೇಡಂ, ನಮಸ್ಕಾರ.

ಅಕ್ಟೋಬರ್ ತಿಂಗಳ ಖರೀದಿ ಬಿಲ್ಲುಗಳ ಫೋಟೋ ಕಳಿಸಿದ್ದೇನೆ. ಎಲ್ಲವೂ ಒಂದೇ ಎಕ್ಸೆಲ್ ಶೀಟಿಗೆ ಬರಬೇಕು. 'ನೋಡ್ಕೊಂಡು ಟೈಪ್ ಮಾಡೋದು ತಾನೆ ಸಾರ್' ಅಂದ ಹುಡುಗನೊಬ್ಬ ಹೋದ ತಿಂಗಳ ಕೆಲಸ ಮಾಡಿಕೊಟ್ಟಿದ್ದ. ಅದರ ಫಲವಾಗಿ ನಮ್ಮ ಆಡಿಟರ್ ಈಗಷ್ಟೇ ನನ್ನನ್ನು ತರಾಟೆಗೆ ತೆಗೆದುಕೊಂಡು ಫೋನ್ ಇಟ್ಟಿದ್ದಾರೆ. ಪತ್ರದಲ್ಲಿ ಖಾರ ಕಂಡರೆ ಅದು ನಿಮ್ಮ ಮೇಲಿನದಲ್ಲ.

ಪೈಪ್ ಡೀಲರ್ ಒಬ್ಬರ ಬಿಲ್ ನಂಬರ್ 3/12. ಹುಡುಗ ಹಾಗೇ ಒತ್ತಿದ. ಎಕ್ಸೆಲ್ಲಿಗೆ ಅದು ತಾರೀಕು ಅನ್ನಿಸಿ 03-Dec ಅಂತ ಮಾಡಿಕೊಂಡಿತು. 'ಡಿಸೆಂಬರ್ ಮೂರರ ಮಾಲು ಸೆಪ್ಟೆಂಬರಿಗೇ ಬಂತೇನ್ರೀ?' ಅಂತ ಆಡಿಟರ್ ಕೇಳಿದರೆ ನಾನೇನು ಹೇಳಲಿ? ಸರಿಮಾಡ್ತೀನಿ ಅಂತ ಹುಡುಗ ಆಮೇಲೆ ಸೆಲ್ಲನ್ನು ಟೆಕ್ಸ್ಟ್ ಮಾಡಿದ. ಆಗ ಅಲ್ಲಿ 45994 ಅಂತ ಬಂತು, ಅದು ಎಕ್ಸೆಲ್ ಒಳಗೊಳಗೇ ದಿನ ಎಣಿಸುವ ಲೆಕ್ಕವಂತೆ. ಆದ್ದರಿಂದ ಬಿಲ್ ನಂಬರಿನ ಕಾಲಂ ಪೂರ್ತಿ ಆರಿಸಿ, ಒಂದಕ್ಷರ ಒತ್ತುವ ಮೊದಲೇ ಟೆಕ್ಸ್ಟ್ ಮಾಡಿ. 00457ರ ಸೊನ್ನೆಗಳೂ ಆಗ ಉಳಿಯುತ್ತವೆ.

ಜಿಎಸ್‌ಟಿ ನಂಬರಿನಲ್ಲಿ ಸೊನ್ನೆಯೋ ಓ ಅಕ್ಷರವೋ ಅಂತ ಅನುಮಾನ ಬಂದರೆ ಜಾಗ ನೋಡಿ. ಒಟ್ಟು 15 ಮನೆ. ಮೊದಲೆರಡು ರಾಜ್ಯದ ಅಂಕಿ, ನಮ್ಮದು 29. ಮುಂದಿನ ಹತ್ತು ಪ್ಯಾನ್ ನಂಬರ್: ಐದು ಅಕ್ಷರ, ನಾಲ್ಕು ಅಂಕಿ, ಮತ್ತೊಂದು ಅಕ್ಷರ. ಅಂಕಿಯ ಮನೆಯಲ್ಲಿ ಗುಂಡಗಿರುವುದು ಸೊನ್ನೆಯೇ, ಎಷ್ಟೇ ಅಂದವಾಗಿರಲಿ. ಕೊಯಮತ್ತೂರಿನ ಮೋಟರ್ ಬಿಲ್ 33ರಿಂದ ಶುರುವಾಗುತ್ತದೆ, ಅದಕ್ಕೆ ಐಜಿಎಸ್‌ಟಿ ಕಾಲಂ ಒಂದೇ. ಬೇರೆ ರಾಜ್ಯದ್ದಲ್ಲವೇ, ಊರ ಬಿಲ್ಲುಗಳ ಹಾಗೆ ತೆರಿಗೆಯನ್ನು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಎರಡು ಭಾಗ ಮಾಡಬೇಡಿ.

ಇನ್ನು ಮುಖ್ಯ ವಿಷಯ, ನನ್ನ ಭಾಮೈದ.

ಫೋಟೋ ತೆಗೆಯುವವನು ಅವನು. ಬಿಲ್ಲನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಮೊಬೈಲ್ ಒತ್ತುತ್ತಾನೆ. ಪ್ರತಿ ಫೋಟೋದಲ್ಲೂ ಎಡಗೈ ಹೆಬ್ಬೆರಳು ಹಾಜರು. ಬಿಲ್ಲಿನ ಅಂಚಿನಲ್ಲಿ ಅಷ್ಟು ಖಾಲಿ ಜಾಗವಿದ್ದರೂ ಅವನ ಬೆರಳಿಗೆ ಮೊತ್ತದ ಮೇಲೆಯೇ ವ್ಯಾಮೋಹ. ಬೇಡ ಕಣೋ, ಟೇಬಲ್ ಮೇಲಿಟ್ಟು ತೆಗಿ ಅಂದೆ. ಇಟ್ಟ, ಫ್ಯಾನಿಗೆ ಹಾರುತ್ತೆ ಅಂತ ಹೆಬ್ಬೆರಳಿನಿಂದ ಒತ್ತಿ ಹಿಡಿದ. ತೂಕಕ್ಕೆ ಏನಾದರೂ ಇಡೋ ಅಂದೆ. ಒಂದು ಕೆಜಿ ಮೊಳೆ ಪೊಟ್ಟಣ ಇಟ್ಟ, ಮೊತ್ತದ ಮೇಲೆಯೇ. ಹೆಂಡತಿಗೆ ಹೇಳಿದರೆ, 'ಪಾಪ, ಸಂಬಳವಿಲ್ಲದೆ ಮಾಡ್ತಿದಾನೆ' ಅನ್ನುತ್ತಾಳೆ. ಅವನ ಬೆರಳಿನ ಉಂಗುರ ಮಾಡಿಸಿಕೊಟ್ಟವನು ನಾನೇ ಮೇಡಂ, ಅದೂ ಫೋಟೋದಲ್ಲಿ ಸ್ಪಷ್ಟವಾಗಿ ಬಂದಿದೆ.

ಬೆರಳಿನಡಿ ಏನಿದೆ ಅಂತ ಊಹಿಸಲು ಹೋಗಬೇಡಿ. ಹೋದ ತಿಂಗಳ ಒಂದು ಬಿಲ್ಲಿನಲ್ಲಿ ಮಾಲಿನ ಬೆಲೆ 8,650 ಕಾಣುತ್ತಿತ್ತು, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ತಲಾ 778.50 ಕಾಣುತ್ತಿತ್ತು. ಒಟ್ಟು ಮೊತ್ತದಲ್ಲಿ ಕಡೆಯ 7 ಮಾತ್ರ ಉಗುರಿನ ಪಕ್ಕ ಇಣುಕುತ್ತಿತ್ತು. ಹುಡುಗ ಜಾಣ, ಕೂಡಿಸಿ 10,207 ಅಂತ ಹಾಕಿದ. 7 ತಾಳೆಯಾಯಿತಲ್ಲ! ನಾನೂ ಅಷ್ಟೇ ದುಡ್ಡು ಕಳಿಸಿದೆ. ಬೆರಳಿನಡಿ ಹಮಾಲಿ 150 ಅಂತ ಬೇರೆ ಸಾಲಿತ್ತು. ನಿಜವಾದ ಮೊತ್ತ 10,357, ಅದರ ಕೊನೆಯ ಅಂಕಿಯೂ 7. ಡೀಲರ್ ನೂರೈವತ್ತು ರೂಪಾಯಿಗೆ ಫೋನ್ ಮಾಡಿ, ಎಷ್ಟು ವರ್ಷದ ವ್ಯವಹಾರ ಅಂತ ನೆನಪಿಸಿದರು. ಕಾಣದಿದ್ದರೆ ಸೆಲ್ ಖಾಲಿ ಬಿಟ್ಟು ಹಳದಿ ಬಣ್ಣ ಹಾಕಿ, ಪಕ್ಕದ ಕಾಲಂನಲ್ಲಿ ಫೋಟೋ ನಂಬರ್ ಬರೆಯಿರಿ. ಅಸಲು ಬಿಲ್ ಹುಡುಕುವುದು ನನ್ನ ಕರ್ಮ.

ನಮ್ಮಪ್ಪನ ಕಾಲದಲ್ಲಿ ಗಲ್ಲಾದ ಪಕ್ಕ ಒಂದು ಕಂಬಿ ಇತ್ತು. ಬಂದ ಬಿಲ್ಲನ್ನು ಅದಕ್ಕೆ ಚುಚ್ಚುತ್ತಿದ್ದರು. ಯಾವ ಡೀಲರ್ ಬಿಲ್ ಎಷ್ಟು ಕೆಳಗಿದೆ ಅಂತ ಕಂಬಿ ಮುಟ್ಟಿಯೇ ಹೇಳುತ್ತಿದ್ದರು. ರಾತ್ರಿ ಬಾಗಿಲು ಹಾಕಿದ ಮೇಲೆ ಕೆಂಪು ಬಟ್ಟೆಯ ಲೆಡ್ಜರಿಗೆ ಬರೆಯುವಾಗ ನಾನು ಮೊತ್ತ ಓದಿ ಹೇಳಬೇಕಿತ್ತು. ತಪ್ಪು ಓದಿದರೆ ತಲೆಯೆತ್ತದೆಯೇ 'ಇನ್ನೊಂದ್ಸಲ ನೋಡು' ಅನ್ನುತ್ತಿದ್ದರು. ಆ ದನಿ ಕೇಳಿ ಎಷ್ಟೋ ವರ್ಷವಾಯಿತು.

ಇರಲಿ. ಒಂದೇ ಬಿಲ್ಲಿನಲ್ಲಿ 5 ಮತ್ತು 18 ಪರ್ಸೆಂಟಿನ ಮಾಲು ಎರಡೂ ಇದ್ದರೆ ಎರಡು ಸಾಲು ಮಾಡಿ, ಬಿಲ್ ನಂಬರ್ ಎರಡಕ್ಕೂ ಹಾಕಿ. ಎರಡು ಪುಟದ ಬಿಲ್ಲಿನ ಮೊದಲ ಪುಟದ ಕೊನೆಯ ಮೊತ್ತ ಹಿಡಿಯಬೇಡಿ, ಅದು ಮುಂದಿನ ಪುಟಕ್ಕೆ ಒಯ್ದದ್ದು. ಭಾಮೈದನಿಗೆ ತೃಪ್ತಿಯಾಗದ ಬಿಲ್ಲನ್ನು ಎರಡು ಸಲ ತೆಗೆದಿರುತ್ತಾನೆ. ಡೀಲರ್, ಬಿಲ್ ನಂಬರ್, ತಾರೀಕು ಮೂರೂ ಒಂದೇ ಆದರೆ ಒಂದೇ ಸಲ ಬರೆಯಿರಿ.

14ನೇ ತಾರೀಕಿಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ, ಅಂದರೆ ಡೀಲರುಗಳು ನಮ್ಮ ಹೆಸರಿಗೆ ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ. ನಿಮ್ಮ ಶೀಟನ್ನು ಆಡಿಟರ್ ಅದಕ್ಕೆ ತಾಳೆ ನೋಡುತ್ತಾರೆ, ಹಾಗಾಗಿ 12ರೊಳಗೆ ಕಳಿಸಿ. ದರ ಬಿಲ್ಲಿಗಿಷ್ಟು ಅಂತ ಮಾತಾಡಿದ್ದೇ ಇರಲಿ. ಹಳದಿ ಸೆಲ್ಲಿನ ಬಿಲ್ಲಿಗೂ ಪೂರ್ತಿ ದುಡ್ಡು ಕೊಡುತ್ತೇನೆ, ಆದರೆ ಈ ಮಾತು ನನ್ನ ಹೆಂಡತಿಯ ಕಿವಿಗೆ ಬೀಳುವುದು ಬೇಡ.