ಮೇಲಿನ ನಲ್ಲಿ, ಕೆಳಗಿನ ನಲ್ಲಿ

ಕಳೆದ ಸೆಮಿಸ್ಟರಿನ ಪರಿಸರ ವಿಜ್ಞಾನ ಪತ್ರಿಕೆಯಲ್ಲಿ, ಒಂದು ಊರಿನ ಕುಡಿಯುವ ನೀರು ಕೆಟ್ಟದ್ದರ ಬಗೆಗಿನ ಎಂಟು ಅಂಕದ ಪ್ರಶ್ನೆಗೆ ಒಬ್ಬ ಹುಡುಗಿ ಆರೇ ಸಾಲು ಬರೆದಿದ್ದಳು. "ಬೋರ್‌ವೆಲ್ ಮೇಲೆ ತಪ್ಪು ಹಾಕಬೇಡಿ. ಟ್ಯಾಂಕಿನ ಪಕ್ಕದ ನಲ್ಲಿಯಲ್ಲಿ ಕೀಟಾಣು ಇಲ್ಲ, ಕೆಳಗಿನ ಓಣಿಯ ನಲ್ಲಿಯಲ್ಲಿ ಇದೆ. ಅಂದರೆ ಕೊಳೆ ಸೇರಿದ್ದು ಇವೆರಡರ ನಡುವೆ. ಚರಂಡಿ ಪಕ್ಕದ ಪೈಪನ್ನು ಮೊದಲು ಅಗೆದು ನೋಡಿ. ಅಲ್ಲಿಯವರೆಗೆ ಆ ಓಣಿಗೆ ಟ್ಯಾಂಕರ್ ನೀರು ಕೊಡಿ." ನನ್ನ ಜೊತೆ ಮೌಲ್ಯಮಾಪನಕ್ಕೆ ಕುಳಿತಿದ್ದವರು ಅದಕ್ಕೆ ಎರಡು ಅಂಕ ಹಾಕಿದರು. ಅದೇ ಕಟ್ಟಿನ ಇನ್ನೊಂದು ಪತ್ರಿಕೆಯಲ್ಲಿ ಎರಡು ಪುಟದ ಉತ್ತರವಿತ್ತು. ನೀರಿನ ಮಹತ್ವ, 1974ರ ಜಲ ಕಾಯ್ದೆ, ಕಾರ್ಖಾನೆಗಳ ತ್ಯಾಜ್ಯ, ಆರ್‌ಒ ಘಟಕ, ಜನಜಾಗೃತಿ ಜಾಥಾ, ಎಲ್ಲವೂ ಇದ್ದವು. ಅದಕ್ಕೆ ಏಳು ಅಂಕ ಬಿತ್ತು. ಪ್ರಶ್ನೆಯಲ್ಲಿದ್ದ ಊರಿನಲ್ಲಿ ಕಾರ್ಖಾನೆಯೇ ಇರಲಿಲ್ಲ.

ಆ ಪ್ರಶ್ನೆಯನ್ನು ಬರೆದವನು ನಾನೇ. ಆದ್ದರಿಂದ ಈ ಅನ್ಯಾಯದಲ್ಲಿ ನನ್ನ ಪಾಲೂ ಇದೆ. ಪ್ರಶ್ನೆಯನ್ನು ಕಾಳಜಿಯಿಂದ ಕಟ್ಟಿದ್ದೆ, ಅಂಕದ ಮಟ್ಟಗಳನ್ನು ಮಾತ್ರ "ಸೂಕ್ತ ವಿವರಣೆಗೆ 6 ರಿಂದ 8" ಎಂದು ಬರೆದು ಕೈತೊಳೆದುಕೊಂಡಿದ್ದೆ.

ಈ ಪ್ರಶ್ನೆ ಹುಟ್ಟಿದ್ದು 2023ರ ಆಗಸ್ಟ್ ನಂತರ. ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತ ಸುದ್ದಿ ಬಂದ ವಾರ, ತರಗತಿಯಲ್ಲಿ ಮಕ್ಕಳನ್ನು "ನೀವಾಗಿದ್ದರೆ ಮೊದಲು ಏನು ನೋಡುತ್ತಿದ್ದಿರಿ?" ಎಂದು ಕೇಳಿದೆ. ಅರವತ್ತು ಜನರಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ ಮಾತು: ಶುದ್ಧ ಕುಡಿಯುವ ನೀರಿನ ಘಟಕ ಹಾಕಬೇಕು. ಎಲ್ಲ ಕಾಯಿಲೆಗೂ ಒಂದೇ ಗುಳಿಗೆ. ಹಾಗಾಗಿ ಒಂದೇ ಗುಳಿಗೆ ಸಾಲದಂಥ ಒಂದು ಕಲ್ಪಿತ ಊರನ್ನು ಕಟ್ಟಿದೆ.

ಆ ಊರು ಹೀಗಿದೆ. ಊರಿಗೆಲ್ಲ ಒಂದು ಆಳದ ಬೋರ್‌ವೆಲ್, ಅದರಿಂದ ಓವರ್‌ಹೆಡ್ ಟ್ಯಾಂಕಿಗೆ, ಟ್ಯಾಂಕಿನಿಂದ ಓಣಿಗಳಿಗೆ ಪೈಪು. ದಿನ ಬಿಟ್ಟು ದಿನ ಒಂದು ಗಂಟೆ ನೀರು. ಟ್ಯಾಂಕಿನ ಪಕ್ಕದ ಮೇಲಿನ ಓಣಿಯಲ್ಲಿ ಎಂಟು ಮನೆಯವರು ಕುಡಿಯಲು ಹಳೆಯ ಕೈಪಂಪಿನ ನೀರು ತರುತ್ತಾರೆ, ರುಚಿ ಚೆನ್ನಾಗಿದೆ ಎಂದು. ಕೈಪಂಪಿನ ಹಿಂದೆ ಇಪ್ಪತ್ತು ಹೆಜ್ಜೆಯಲ್ಲಿ ತಿಪ್ಪೆಗಳ ಸಾಲು. ಆ ಎಂಟು ಮನೆಗಳಲ್ಲಿ ಒಂದರಲ್ಲಿ ನಾಲ್ಕು ತಿಂಗಳ ಕೂಸಿದೆ, ಬಾಟಲಿ ಹಾಲು ಕುಡಿಯುತ್ತದೆ. ಕೆಳಗಿನ ಓಣಿಗೆ ಹೋಗುವ ಪೈಪು ಚರಂಡಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಮುಂಗಾರಿನ ಮೊದಲ ದೊಡ್ಡ ಮಳೆಯಾದ ವಾರ ಕೆಳಗಿನ ಓಣಿಯಲ್ಲಿ 16 ಜನರಿಗೆ ವಾಂತಿಭೇದಿ. ಊರಿನ ಮಕ್ಕಳ ಹಲ್ಲಿನಲ್ಲಿ ಮೊದಲಿನಿಂದಲೂ ಕಂದು ಪಟ್ಟೆಗಳಿವೆ.

ಜೊತೆಗೆ ನೀರಿನ ಪರೀಕ್ಷೆಯ ಫಲಿತಾಂಶ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ, ಮತ್ತು ನೀರಿಗೆ ಮಲ ಸೇರಿದ್ದನ್ನು ತೋರಿಸುವ ಇ. ಕೊಲೈ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಎಂಬುದು:

ಬೋರ್‌ವೆಲ್: ಫ್ಲೋರೈಡ್ 2.1, ನೈಟ್ರೇಟ್ 18, ಇ. ಕೊಲೈ ಇಲ್ಲ.
ಟ್ಯಾಂಕಿನ ಪಕ್ಕದ ನಲ್ಲಿ: ಫ್ಲೋರೈಡ್ 2.1, ನೈಟ್ರೇಟ್ 18, ಉಳಿಕೆ ಕ್ಲೋರಿನ್ 0.3, ಇ. ಕೊಲೈ ಇಲ್ಲ.
ಕೆಳಗಿನ ಓಣಿಯ ಕೊನೆಯ ನಲ್ಲಿ: ಫ್ಲೋರೈಡ್ 2.0, ನೈಟ್ರೇಟ್ 21, ಕ್ಲೋರಿನ್ ಸೊನ್ನೆ, ಇ. ಕೊಲೈ ಇದೆ.
ಕೈಪಂಪು: ಫ್ಲೋರೈಡ್ 0.7, ನೈಟ್ರೇಟ್ 92, ಇ. ಕೊಲೈ ಇಲ್ಲ.

ಭಾರತೀಯ ಮಾನಕದ ಮಿತಿಗಳನ್ನೂ ಕೆಳಗೆ ಕೊಟ್ಟಿದ್ದೆ: ಫ್ಲೋರೈಡ್ 1, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ; ನೈಟ್ರೇಟ್ 45; ಇ. ಕೊಲೈ 100 ಮಿಲಿಲೀಟರಿನಲ್ಲಿ ಒಂದೂ ಕಾಣಬಾರದು. ಉರು ಹೊಡೆದದ್ದನ್ನು ಪರೀಕ್ಷಿಸುವ ಉದ್ದೇಶ ನನಗಿರಲಿಲ್ಲ. ಪ್ರಶ್ನೆ ಇಷ್ಟೇ: ಪಂಚಾಯಿತಿ ಇರುವ ಹಣದಲ್ಲಿ ಆರ್‌ಒ ಘಟಕ ಹಾಕಲು ಹೊರಟಿದೆ. ನೀವು ಪಿಡಿಒ ಅವರಿಗೆ ಏನು ಹೇಳುತ್ತೀರಿ? ಮೊದಲು ಯಾವುದು, ಆಮೇಲೆ ಯಾವುದು, ಏಕೆ?

ಈ ಊರಿನಲ್ಲಿ ಒಂದಲ್ಲ, ಮೂರು ತೊಂದರೆಗಳಿವೆ. ಫ್ಲೋರೈಡ್ ಬೋರ್‌ವೆಲ್‌ನಲ್ಲೂ ಎರಡು ನಲ್ಲಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಅಂದರೆ ಅದು ಆಳದ ಬಂಡೆಯಿಂದ ಬಂದದ್ದು. ಪಾವಗಡ, ಮುಂಡರಗಿ, ಕೋಲಾರದ ಮಕ್ಕಳು ಇದನ್ನು ಮನೆಯಲ್ಲೇ ಕಂಡಿರುತ್ತಾರೆ. ಅದು ವರ್ಷಗಟ್ಟಲೆ ಕುಡಿದ ಮೇಲೆ ಹಲ್ಲಿಗೆ, ಮೂಳೆಗೆ ಇಳಿಯುವ ವಿಷ, ಒಂದು ವಾರದ ವಾಂತಿಭೇದಿಗೆ ಅದು ಕಾರಣವಲ್ಲ. ನೈಟ್ರೇಟ್ ಕೈಪಂಪಿನಲ್ಲಿ ಮಾತ್ರ ಏರಿದೆ: ತಿಪ್ಪೆಯ ರಸ ಇಳಿಯುವಾಗ ಮಣ್ಣು ಬ್ಯಾಕ್ಟೀರಿಯಾವನ್ನು ತಡೆಹಿಡಿಯಬಲ್ಲದು, ನೀರಿನಲ್ಲಿ ಕರಗಿದ ನೈಟ್ರೇಟನ್ನು ತಡೆಯಲಾರದು. ಇ. ಕೊಲೈ ಇರುವುದು ಕೊನೆಯ ನಲ್ಲಿಯಲ್ಲಿ ಮಾತ್ರ. ನೀರುಗಂಟಿ ವಾಲ್ವ್ ಮುಚ್ಚಿದ ಮೇಲೆ ಪೈಪು ಬರಿದಾಗುತ್ತದೆ, ಒತ್ತಡ ಇಳಿಯುತ್ತದೆ, ಸಡಿಲವಾದ ಕೀಲಿನಿಂದ ಚರಂಡಿಯ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಅದೇ ಮೊದಲು ಹೊರಬರುತ್ತದೆ.

"ನೀರನ್ನು ಕುದಿಸಿ ಕುಡಿಯಿರಿ" ಎಂಬ ಸಲಹೆಯನ್ನು ಈ ಮೂರಕ್ಕೂ ಹಚ್ಚಿ ನೋಡಿ. ಕೆಳಗಿನ ಓಣಿಯಲ್ಲಿ ಅದು ಜೀವ ಉಳಿಸುತ್ತದೆ. ಫ್ಲೋರೈಡ್ ಅದರಿಂದ ಕಡಿಮೆಯಾಗುವುದಿಲ್ಲ. ಕೈಪಂಪಿನ ನೀರನ್ನು ಕುದಿಸಿ ಆ ಕೂಸಿನ ಹಾಲಿಗೆ ಬೆರೆಸಿದರೆ, ಆವಿಯಾದಷ್ಟು ನೀರು ಹೋಗಿ ನೈಟ್ರೇಟ್ ಇನ್ನಷ್ಟು ದಟ್ಟವಾಗುತ್ತದೆ. ಆರು ತಿಂಗಳೊಳಗಿನ ಕೂಸಿನಲ್ಲಿ ಅದು ರಕ್ತ ಆಮ್ಲಜನಕ ಸಾಗಿಸುವುದಕ್ಕೇ ಅಡ್ಡಿಯಾಗಬಹುದು, ತುಟಿ, ಉಗುರು ನೀಲಿಗಟ್ಟಬಹುದು. ಅದೇ ಸಲಹೆ, ಅದೇ ಊರು, ಒಂದು ಓಣಿಗೆ ಮದ್ದು, ಇನ್ನೊಂದು ಓಣಿಗೆ ಅಪಾಯ. ಇದನ್ನು ಗಮನಿಸಿದ ವಿದ್ಯಾರ್ಥಿಗೂ "ಕುದಿಸಿ ಕುಡಿಯಬೇಕು" ಎಂದು ಬರೆದು ಮುಂದೆ ಹೋದ ವಿದ್ಯಾರ್ಥಿಗೂ ಒಂದೇ ಅಂಕ ಕೊಡುವ ಮಾದರಿ ಉತ್ತರವನ್ನು ಹರಿದು ಹಾಕಬೇಕು.

ಈಗ ಮಟ್ಟಗಳ ಮಾತು. ಬಿಗ್ಸ್ ಮತ್ತು ಕಾಲಿಸ್ ಎಂಬ ಇಬ್ಬರು 1982ರಲ್ಲಿ ರೂಪಿಸಿದ ಸೋಲೋ ಎಂಬ ವರ್ಗೀಕರಣ ಇದಕ್ಕೆ ನೆರವಾಗುತ್ತದೆ. ಉತ್ತರದಲ್ಲಿ ಎಷ್ಟು ವಿಷಯಗಳಿವೆ ಎಂಬುದರ ಜೊತೆಗೆ ಅವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಅದು ನೋಡುತ್ತದೆ. ನಾನು ಅದನ್ನು ನಮ್ಮ ಪ್ರಶ್ನೆಗೆ ಒಗ್ಗಿಸಿಕೊಂಡೆ. ಪ್ರಶ್ನೆಯನ್ನೇ ತಿರುಗಿಸಿ ಬರೆದರೆ ಸೊನ್ನೆ. ಕೋಷ್ಟಕದ ಒಂದು ಅಂಶ ಹಿಡಿದರೆ, ಅಥವಾ ಕೋಷ್ಟಕ ಮುಟ್ಟದೆ ಸಾಮಾನ್ಯ ಸಲಹೆ ಕೊಟ್ಟರೆ, ಎಷ್ಟೇ ಪುಟವಿರಲಿ, ಮೊದಲ ಮಟ್ಟ: ಎರಡು ಅಂಕ. ಮೂರು ತೊಂದರೆಗಳನ್ನೂ ಸರಿಯಾಗಿ ಓದಿ, ಆದರೆ ಬಿಡಿಬಿಡಿಯಾಗಿಟ್ಟು ಎಲ್ಲದಕ್ಕೂ ಒಂದೇ ಪರಿಹಾರ ಹೇಳಿದರೆ ಎರಡನೆಯದು, ನಾಲ್ಕು. ಎರಡು ಸಾಲುಗಳನ್ನು ಹೋಲಿಸಿ ಕಾರಣ ಎಲ್ಲಿದೆ ಎಂದು ತೋರಿಸಿ, ಕಾರಣಕ್ಕೆ ತಕ್ಕ ಪರಿಹಾರ ಕೊಟ್ಟರೆ ಮೂರನೆಯದು, ಆರು. ತನ್ನ ತೀರ್ಮಾನ ತಪ್ಪಿರಬಹುದಾದ ಜಾಗವನ್ನೂ ಅದನ್ನು ಪರೀಕ್ಷಿಸುವ ಬಗೆಯನ್ನೂ ಹೇಳಿದರೆ ನಾಲ್ಕನೆಯದು, ಎಂಟು.

ಆರು ಸಾಲಿನ ಹುಡುಗಿ ಒಂದೇ ತೊಂದರೆಯನ್ನು ಹಿಡಿದಿದ್ದಳು, ಆದರೆ ಬುಡದವರೆಗೆ ಹಿಡಿದಿದ್ದಳು. ಅವಳನ್ನು ಎಲ್ಲಿ ಇಡಬೇಕು? ಇಲ್ಲಿ ನಾವು ಮೂವರು ಅಧ್ಯಾಪಕರು ಒಂದು ಮಧ್ಯಾಹ್ನವಿಡೀ ಜಗಳವಾಡಿದೆವು. ಅವಳು ಫ್ಲೋರೈಡ್ ಬಿಟ್ಟಿದ್ದಾಳೆ ಎಂಬುದು ನಿಜ. ಆದರೆ ಪ್ರಶ್ನೆ ಕೇಳಿದ್ದು "ಮೊದಲು ಯಾವುದು" ಎಂದು. ಹದಿನಾರು ಜನ ಮಲಗಿರುವಾಗ ಮೊದಲು ಬರಬೇಕಾದದ್ದನ್ನು ಅವಳು ಹೇಳಿದ್ದಳು, ಸಾಕ್ಷ್ಯವನ್ನೂ ಕೊಟ್ಟಿದ್ದಳು. ಆರು ಕೊಡಬೇಕೆಂಬುದು ನನ್ನ ವಾದ. ಕೊನೆಗೆ ಐದಕ್ಕೆ ಒಪ್ಪಿದೆವು. ಮಟ್ಟಗಳ ನಡುವೆ ಬೀಳುವ ಉತ್ತರಗಳು ಇದ್ದೇ ಇರುತ್ತವೆ. ಅವನ್ನು ನಕಲು ಮಾಡಿ, ಹೆಸರು ಅಳಿಸಿ, ಇಷ್ಟು ಏಕೆ ಕೊಟ್ಟೆವು ಎಂದು ಪಕ್ಕದಲ್ಲಿ ಬರೆದಿಟ್ಟರೆ ಮುಂದಿನ ವರ್ಷ ಹೊಸದಾಗಿ ಬಂದ ಅಧ್ಯಾಪಕರಿಗೂ ಅಳತೆಗೋಲು ಸಿಗುತ್ತದೆ. ಮಟ್ಟದ ವಿವರಣೆಯನ್ನು ಎಷ್ಟು ಚೆಂದ ಬರೆದರೂ ಇಂಥ ಹತ್ತು ನಿಜವಾದ ಉತ್ತರಗಳಿಲ್ಲದೆ ಇಬ್ಬರು ಒಂದೇ ರೀತಿ ಅಂಕ ಹಾಕುವುದಿಲ್ಲ.

ಇನ್ನೊಂದು ಸಂಗತಿ. ಮುಕ್ತ ಉತ್ತರದ ಪ್ರಶ್ನೆಯಲ್ಲಿ ವಿದ್ಯಾರ್ಥಿಗಳು ನಮ್ಮನ್ನು ಮೀರಿಸುತ್ತಾರೆ, ಅದಕ್ಕೆ ಜಾಗ ಬಿಟ್ಟಿರಬೇಕು. ಕ್ಲೋರಿನ್ ಸೊನ್ನೆಯಾಗಿದ್ದನ್ನು ನಾನು ಪೈಪು ಒಡೆದದ್ದರ ಸಾಕ್ಷಿ ಎಂದು ಮಾದರಿ ಉತ್ತರದಲ್ಲಿ ಬರೆದಿದ್ದೆ. ಒಬ್ಬ ಹುಡುಗ ಬರೆದ: "ಕ್ಲೋರಿನ್ ದೂರ ಹೋದಂತೆ ತಾನಾಗಿಯೇ ಕಡಿಮೆಯಾಗುತ್ತದೆ. ಆದ್ದರಿಂದ ಅದೊಂದೇ ಸಾಕ್ಷಿಯಲ್ಲ. ನಡುವಿನ ನಲ್ಲಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು, ಇ. ಕೊಲೈ ಮೊದಲು ಕಾಣುವ ನಲ್ಲಿಯ ಹಿಂದಿನ ತುಂಡಿನಲ್ಲಿ ಅಗೆಯಬೇಕು." ನನ್ನ ಮಾದರಿ ಉತ್ತರ ತಪ್ಪಾಗಿತ್ತು, ತಿದ್ದಿಕೊಂಡೆ. ಇನ್ನೊಬ್ಬಳು ಕೇಳಿದಳು: ಆ 16 ಜನ ಹಿಂದಿನ ದಿನ ಒಂದೇ ಕಡೆ ಊಟ ಮಾಡಿದ್ದರೆ? ಮೂರನೆಯವನು ತನ್ನ ಅಜ್ಜಿ ನಲ್ಲಿ ಬಂದ ಕೂಡಲೇ ಮೊದಲ ಎರಡು ಕೊಡ ಚೆಲ್ಲುತ್ತಾಳೆಂದು ಬರೆದು, ಪ್ರಯೋಗಾಲಯದವರೂ ಎರಡು ಮೂರು ನಿಮಿಷ ನೀರು ಹರಿಯಬಿಟ್ಟೇ ಮಾದರಿ ಹಿಡಿಯುವುದರಿಂದ ಚರಂಡಿಯ ನೀರು ಬಾಟಲಿಗೆ ಸಿಗದೇ ಹೋಗಬಹುದೆಂದು ಸೇರಿಸಿದ್ದ. ಈ ಮೂವರಿಗೂ ನಾಲ್ಕನೆಯ ಮಟ್ಟ. ಇವು ಯಾವ ಗೈಡ್‌ನಲ್ಲೂ ಸಿಗದ ಉತ್ತರಗಳು.

ಆರ್‌ಒ ಬೇಡವೆಂದು ಬರೆದವರಿಗೇ ಅಂಕ ಎಂದು ಯಾರೂ ತಿಳಿಯಬಾರದು. ಈ ಊರಿನ ಫ್ಲೋರೈಡಿಗೆ ಅದು ತಕ್ಕ ದಾರಿಗಳಲ್ಲಿ ಒಂದು. "ಆರ್‌ಒ ಬೇಕು, ಆದರೆ ಎರಡನೆಯದಾಗಿ, ಅದು ಹೊರಬಿಡುವ ನೀರಿನಲ್ಲಿ ಫ್ಲೋರೈಡ್ ಇನ್ನೂ ದಟ್ಟವಾಗಿರುವುದರಿಂದ ಅದನ್ನು ಎಲ್ಲಿಗೆ ಬಿಡುತ್ತೀರಿ ಎಂದು ಮೊದಲೇ ಹೇಳಿ" ಎಂದು ಬರೆದವನಿಗೂ ಪೂರ್ಣ ಅಂಕ ಕೊಟ್ಟೆ. ತೀರ್ಮಾನ ಯಾವುದೇ ಇರಲಿ, ಅದು ಕೋಷ್ಟಕದ ಮೇಲೆ ನಿಂತಿದೆಯೇ ಎಂಬುದನ್ನು ಮಾತ್ರ ಮೌಲ್ಯಮಾಪಕ ಕೇಳಿಕೊಳ್ಳಬೇಕು.

ಒಂದು ಉತ್ತರವನ್ನು ಮಾತ್ರ ಯಾವ ಮಟ್ಟದಲ್ಲೂ ಇಡಲು ನನಗೆ ಕೈ ಬರಲಿಲ್ಲ. "ಸರ್, ಕೊನೆಯ ನಲ್ಲಿ ಯಾವಾಗಲೂ ನಮ್ಮ ಕಾಲೊನಿಯಲ್ಲೇ ಇರುತ್ತದೆ" ಎಂದಷ್ಟೇ ಇತ್ತು. ಲೆಕ್ಕದ ಪ್ರಕಾರ ಎರಡು ಅಂಕ. ಆದರೆ ಪೈಪಿನ ತುದಿಯಲ್ಲಿ ಒತ್ತಡ ಅತಿ ಕಡಿಮೆ, ನೀರು ತಲುಪುವುದು ಎಲ್ಲರಿಗಿಂತ ತಡವಾಗಿ, ಕ್ಲೋರಿನ್ ಉಳಿಯುವುದು ಎಲ್ಲರಿಗಿಂತ ಕಡಿಮೆ. ನನ್ನ ಕೋಷ್ಟಕದ ಮೂರನೆಯ ಸಾಲಿಗೆ ಇದಕ್ಕಿಂತ ಪೂರ್ತಿಯಾದ ವಿವರಣೆಯನ್ನು ನಾನು ಬರೆದಿರಲಿಲ್ಲ. ಆ ಹುಡುಗನನ್ನು ಕರೆಸಿ ಏಕೆ ಹಾಗೆ ಎಂದು ಬಿಡಿಸಿ ಹೇಳಲು ಕೇಳಿದೆ. ಇಪ್ಪತ್ತು ನಿಮಿಷ ಮಾತನಾಡಿದ. ವಾಲ್ವ್ ಎಲ್ಲಿದೆ, ಯಾವ ಓಣಿಗೆ ಮೊದಲು ಬಿಡುತ್ತಾರೆ, ಯಾವ ಮನೆಯವರು ಪೈಪಿಗೆ ಮೋಟಾರ್ ಹಚ್ಚಿ ಎಳೆಯುತ್ತಾರೆ, ಎಲ್ಲ ಅವನಿಗೆ ಗೊತ್ತಿತ್ತು. ಮೋಟಾರ್ ಎಳೆದಾಗ ಪೈಪಿನೊಳಗೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ ಕೊಂಚ ಯೋಚಿಸಿ, "ಹೊರಗಿನದನ್ನೂ ಎಳೆಯುತ್ತದೆ, ಸರ್" ಎಂದ.

ಈ ಸಲದ ಪತ್ರಿಕೆಯಲ್ಲಿ ಕೋಷ್ಟಕಕ್ಕೆ ಐದನೆಯ ಸಾಲು ಸೇರಿಸಿದ್ದೇನೆ: ಟ್ಯಾಂಕಿಗೂ ಕೊನೆಯ ನಲ್ಲಿಗೂ ನಡುವೆ, ಮೋಟಾರ್ ಹಚ್ಚುವ ಮನೆಯ ಎದುರಿನ ನಲ್ಲಿ. ಅದರ ಮುಂದಿನ ಖಾನೆಗಳನ್ನೆಲ್ಲ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಯಾವ ಅಂಕಿಗಳನ್ನು ನಿರೀಕ್ಷಿಸುತ್ತೀರಿ, ಬೇರೆ ಅಂಕಿ ಬಂದರೆ ನಿಮ್ಮ ಉತ್ತರ ಹೇಗೆ ಬದಲಾಗುತ್ತದೆ ಎಂದು ಅವರೇ ಬರೆಯಬೇಕು.